ಕೊಠಡಿಗೆ ದಿನಕ್ಕೆ 3,000 ಹೆಚ್ಚು, ಕ್ಲೇಮಿನಲ್ಲಿ 83,000 ಕಡಿತ

ಆರೋಗ್ಯ ವಿಮೆ ಇರುವವರು ಆಸ್ಪತ್ರೆಗೆ ಸೇರುವ ಮೊದಲು ಪಾಲಿಸಿಯಲ್ಲಿ ಕೊಠಡಿ ಬಾಡಿಗೆಯ ಮಿತಿ ಎಷ್ಟಿದೆ ಎಂದು ನೋಡಿಕೊಳ್ಳಿ. ಆ ಮಿತಿಯನ್ನು ಮೀರಿದರೆ ವಿಮಾ ಕಂಪನಿ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಹಿಡಿದುಕೊಂಡು ಸುಮ್ಮನಾಗುವುದಿಲ್ಲ, ಶಸ್ತ್ರಚಿಕಿತ್ಸಕರ ಶುಲ್ಕಕ್ಕೂ ಕತ್ತರಿ ಹಾಕುತ್ತದೆ. ನಮ್ಮ ಅತ್ತೆಯವರ ಮಂಡಿ ಕೀಲು ಬದಲಾವಣೆಯ ಸಮಯದಲ್ಲಿ ನಡೆದದ್ದನ್ನು ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ಅವರ ಪಾಲಿಸಿಯ ವಿಮಾ ಮೊತ್ತ 3 ಲಕ್ಷ ರೂಪಾಯಿ. ಕೊಠಡಿ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇಕಡ 1, ಅಂದರೆ 3,000 ರೂಪಾಯಿಯ ಮಿತಿ. ಆಸ್ಪತ್ರೆಯಲ್ಲಿ ಇಬ್ಬರು ಹಂಚಿಕೊಳ್ಳುವ ಕೊಠಡಿಗೆ 3,000, ಒಬ್ಬರೇ ಇರುವ ಕೊಠಡಿಗೆ 6,000. ವಿಮೆಯ ಕೌಂಟರಿನಲ್ಲಿದ್ದವರು, ‘ದಿನಕ್ಕೆ 3,000 ವ್ಯತ್ಯಾಸ ಬರುತ್ತದೆ ಸಾರ್, ಅದನ್ನು ನೀವು ಕಟ್ಟಬೇಕಾಗುತ್ತದೆ’ ಎಂದರು. ನಾಲ್ಕು ದಿನಕ್ಕೆ 12,000. ವಯಸ್ಸಾದವರಿಗೆ ಜೊತೆಯಲ್ಲಿ ಒಬ್ಬರು ಮಲಗಲು ಜಾಗ ಬೇಕು, ಹೋದರೆ ಹೋಗಲಿ ಎಂದು ಒಪ್ಪಿದೆವು. ಕೌಂಟರಿನವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ಹೇಳಿದರು. ಉಳಿದರ್ಧ ತಿಳಿದದ್ದು ಬಿಡುಗಡೆಯ ದಿನ: ಒಟ್ಟು ಬಿಲ್ಲು 2,90,000, ಕಂಪನಿ ಮಂಜೂರು ಮಾಡಿದ್ದು 1,42,500. ಬಾಕಿ 1,47,500 ಕಟ್ಟಿದರೆ ಮಾತ್ರ ಮನೆಗೆ ಹೋಗಬಹುದು. ಕಟ್ಟಿದೆವು.

ಮನೆಗೆ ಬಂದು ಮೊದಲ ದಿನ ಕೊಟ್ಟಿದ್ದ ಅಂದಾಜು ಪಟ್ಟಿಯನ್ನು ಹರಡಿಕೊಂಡು ಕುಳಿತೆ. ಅಂತಿಮ ಬಿಲ್ಲು ಹೆಚ್ಚುಕಡಿಮೆ ಅದರ ಪ್ರಕಾರವೇ ಇತ್ತು. ಆ ಬಿಲ್ಲಿನ ಬಾಬುಗಳನ್ನು ಮೂರು ಗುಂಪು ಮಾಡಿಕೊಂಡರೆ ಕಡಿತದ ಗುಟ್ಟು ತಿಳಿಯುತ್ತದೆ.

ಮೊದಲನೆಯದು ಕೊಠಡಿ ಬಾಡಿಗೆ, ಶುಶ್ರೂಷೆಯ ಶುಲ್ಕ ಸೇರಿ ನಾಲ್ಕು ದಿನಕ್ಕೆ 24,000.

ಎರಡನೆಯದು ಕೊಠಡಿಯ ದರ್ಜೆ ಏರಿದಂತೆ ತಾವೂ ಏರುವ ಶುಲ್ಕಗಳು. ಶಸ್ತ್ರಚಿಕಿತ್ಸಕರಿಗೆ 70,000, ಅರಿವಳಿಕೆ ತಜ್ಞರಿಗೆ 20,000, ಆಪರೇಷನ್ ಥಿಯೇಟರಿಗೆ 35,000, ವೈದ್ಯರ ಭೇಟಿಗಳಿಗೆ 7,000. ಒಟ್ಟು 1,32,000. ಪಾಲಿಸಿಯ ಭಾಷೆಯಲ್ಲಿ ಇವು ‘ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್’. ಅದೇ ವೈದ್ಯರು, ಅದೇ ಥಿಯೇಟರು, ಅದೇ ಕತ್ತರಿ. ರೋಗಿ ಮಲಗುವ ಕೊಠಡಿ ಬದಲಾದರೆ ದರವೂ ಬದಲಾಗುತ್ತದೆ. ಇದು ಯಾವ ನ್ಯಾಯವೋ ಕಾಣೆ, ಆದರೆ ಅನೇಕ ಖಾಸಗಿ ಆಸ್ಪತ್ರೆಗಳ ದರಪಟ್ಟಿ ಇರುವುದೇ ಹೀಗೆ.

ಮೂರನೆಯದು ಕೊಠಡಿಗೆ ಸಂಬಂಧವೇ ಇಲ್ಲದವು. ಕೃತಕ ಕೀಲಿಗೆ 75,000, ಔಷಧ ಮತ್ತು ಬಳಸಿ ಎಸೆಯುವ ಸಾಮಗ್ರಿಗೆ 40,000, ರಕ್ತಪರೀಕ್ಷೆ, ಎಕ್ಸ್‌ರೇ ಮುಂತಾದವಕ್ಕೆ 14,000. ಒಟ್ಟು 1,29,000. ಇವಲ್ಲದೆ ನೋಂದಣಿ, ಕಡತದ ಶುಲ್ಕ ಇತ್ಯಾದಿಗೆ 5,000 ಇತ್ತು. ಅದನ್ನು ನಮ್ಮ ಪಾಲಿಸಿ ಹೇಗೂ ಕೊಡುವುದಿಲ್ಲ.

ಈಗ ಕಡಿತದ ಸೂತ್ರ. ಪಾಲಿಸಿ ಒಪ್ಪುವ ಬಾಡಿಗೆಯನ್ನು ನಾವು ಪಡೆದ ಕೊಠಡಿಯ ಬಾಡಿಗೆಯಿಂದ ಭಾಗಿಸಬೇಕು. 3,000 ಭಾಗಿಸು 6,000, ಅಂದರೆ ಅರ್ಧ. ಬಾಡಿಗೆಯಲ್ಲಿ ಅರ್ಧ ಮಾತ್ರ ಸಿಗುತ್ತದೆ, ಎರಡನೆಯ ಗುಂಪಿನಲ್ಲೂ ಅರ್ಧ ಮಾತ್ರ. ಮೂರನೆಯ ಗುಂಪನ್ನು ಮುಟ್ಟುವಂತಿಲ್ಲ. ಈ ಕೊನೆಯ ಮಾತು ನನ್ನದಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಔಷಧ ಮತ್ತು ಬಳಕೆಯ ಸಾಮಗ್ರಿ, ದೇಹದೊಳಗೆ ಕೂರಿಸುವ ಸಾಧನ, ರೋಗಪತ್ತೆ ಪರೀಕ್ಷೆ ಇವುಗಳನ್ನು ಅನುಪಾತದ ಕಡಿತದಿಂದ ಹೊರಗಿಡಲಾಗಿದೆ. ಐಸಿಯು ಶುಲ್ಕಕ್ಕೂ ಆ ಕಡಿತವನ್ನು ಅನ್ವಯಿಸುವಂತಿಲ್ಲ.

ಹಾಗಾದರೆ ನಮಗೆ ಬರಬೇಕಾದದ್ದು 12,000, ಅದಕ್ಕೆ 66,000, ಅದಕ್ಕೆ 1,29,000 ಸೇರಿ 2,07,000. ಕಂಪನಿ ಮಾಡಿದ್ದೇನು? ಕೊಡಲಾಗದ 5,000ವನ್ನು ಬದಿಗಿಟ್ಟು, ಉಳಿದ 2,85,000ವನ್ನು ಇಡಿಯಾಗಿ ಅರ್ಧ ಮಾಡಿತ್ತು. ಕೃತಕ ಕೀಲಿನ ಬೆಲೆಯನ್ನೂ ಬಿಡಲಿಲ್ಲ! ಕೀಲು ಯಾವ ಕೊಠಡಿಯಲ್ಲಿ ಮಲಗಿತ್ತೋ ನನಗೆ ಗೊತ್ತಿಲ್ಲ.

ವಿಮಾ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಅನುಪಾತದ ಕಡಿತದ ಬಗ್ಗೆ ಪಾಲಿಸಿಯಲ್ಲಿರುವ ವಾಕ್ಯದ ಪ್ರತಿ, ಬಾಬುವಾರು ಬಿಲ್ಲು ಮತ್ತು ಮೇಲಿನ ಲೆಕ್ಕವನ್ನು ಕಳುಹಿಸಿದೆ. ಮೊದಲು ಬಂದ ಉತ್ತರ ‘ನಿಯಮದಂತೆ ಕಡಿತ ಮಾಡಲಾಗಿದೆ’ ಎಂಬ ಒಂದು ಸಾಲು. ಯಾವ ನಿಯಮ, ಯಾವ ಬಾಬಿಗೆ ಎಷ್ಟು ಎಂದು ಮತ್ತೆ ಕೇಳಿದ ಮೇಲೆ 64,500 ಬಂತು. ಬಾರದೆ ಹೋಗಿದ್ದರೆ ವಿಮಾ ಲೋಕಪಾಲರ ಬಳಿಗೆ ಹೋಗುವವನಿದ್ದೆ. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲಿದೆ, ಶುಲ್ಕವಿಲ್ಲ. ಆದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು, ಅದು ತಿರಸ್ಕರಿಸಿರಬೇಕು, ಅದರ ಉತ್ತರ ತೃಪ್ತಿ ತಂದಿರಬಾರದು ಅಥವಾ ಒಂದು ತಿಂಗಳಾದರೂ ಉತ್ತರಿಸದೆ ಇರಬೇಕು.

ಹಣ ವಾಪಸ್ಸಾದರೂ 83,000 ನಮ್ಮದೇ ಹೋಯಿತು. ಅದು ನ್ಯಾಯವಾದ ಕಡಿತ, ಅದಕ್ಕೆ ತಕರಾರಿಲ್ಲ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಆಮೇಲೆ ಕೇಳಿ ಪಡೆದ ಇಬ್ಬರ ಕೊಠಡಿಯ ಅಂದಾಜು. ಅದರಲ್ಲಿ ಬಾಡಿಗೆ 12,000, ಎರಡನೆಯ ಗುಂಪಿನ ಶುಲ್ಕಗಳು 1,05,000 ಮಾತ್ರ, ಮೂರನೆಯ ಗುಂಪು ಅಷ್ಟೇ. ಒಟ್ಟು 2,51,000. ಅದರಲ್ಲಿ ನಾವು ಕಟ್ಟಬೇಕಾಗಿದ್ದದ್ದು 5,000. ಅಂದರೆ 12,000 ಎಂದು ಒಪ್ಪಿಕೊಂಡ ಒಂಟಿ ಕೊಠಡಿಯ ನಿಜವಾದ ಬೆಲೆ 78,000.

ಮುಂದೆ ಯಾರಾದರೂ ಸೇರುವುದಿದ್ದರೆ ಎರಡು ದರ್ಜೆಯ ಕೊಠಡಿಗಳಿಗೂ ಪ್ರತ್ಯೇಕ ಅಂದಾಜು ಕೇಳಿ. ಶಸ್ತ್ರಚಿಕಿತ್ಸಕರ ಶುಲ್ಕ ಎರಡರಲ್ಲೂ ಒಂದೇ ಆಗಿದ್ದರೆ ಆ ಪಟ್ಟಿಯನ್ನು ಜೋಪಾನವಾಗಿಡಿ. ಕೊಠಡಿಗೆ ತಕ್ಕಂತೆ ದರ ಬದಲಿಸದ ಆಸ್ಪತ್ರೆಯಲ್ಲಿ ಅನುಪಾತದ ಕಡಿತ ಮಾಡುವಂತಿಲ್ಲ ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ, ಅದನ್ನು ತೋರಿಸಲು ಆ ಪಟ್ಟಿಯೇ ಸಾಕ್ಷಿ.

ಶುಶ್ರೂಷೆಯ ಶುಲ್ಕವನ್ನು ಆಸ್ಪತ್ರೆ ಬೇರೆ ಸಾಲಿನಲ್ಲಿ ಬರೆದಿದೆಯೇ ಎಂದೂ ನೋಡಿ. ಹಲವು ಪಾಲಿಸಿಗಳಲ್ಲಿ ಮಿತಿ ಎರಡಕ್ಕೂ ಸೇರಿಯೇ ಇರುತ್ತದೆ. ಬಾಡಿಗೆ 2,800, ಶುಶ್ರೂಷೆ 600 ಎಂದಿದ್ದರೆ ಕೊಠಡಿ 3,400 ಆಯಿತು, 3,000ದ ಮಿತಿ ದಾಟಿತು. ಎರಡನೆಯ ಗುಂಪಿನ ಪ್ರತಿ ಲಕ್ಷಕ್ಕೆ ಸುಮಾರು 12,000 ಹೋಗುತ್ತದೆ.

ಮಿತಿಯೊಳಗಿನ ಕೊಠಡಿ ಖಾಲಿ ಇಲ್ಲ ಎಂದು ಮೇಲಿನ ದರ್ಜೆಗೆ ಹಾಕಿದರೆ, ಕೆಳಗಿನ ದರ್ಜೆಯ ದರದಲ್ಲೇ ಬಿಲ್ಲು ಮಾಡುತ್ತೇವೆಂದು ಬಿಲ್ಲಿಂಗ್ ವಿಭಾಗದಿಂದ ಅಂದೇ ಬರೆಸಿಕೊಳ್ಳಿ. ಬಾಯಿಮಾತಿನ ಭರವಸೆ ಬಿಡುಗಡೆಯ ದಿನಕ್ಕೆ ಯಾರ ನೆನಪಿನಲ್ಲೂ ಇರುವುದಿಲ್ಲ.