ಲೀಟರ್ ಹಾಲಿಗೆ ಎಷ್ಟು ಗ್ರಾಂ? ಚೀನಾ ಗ್ರಾಸ್ ಮತ್ತು ಜೆಲಾಟಿನ್, ಕಲಬುರಗಿಯ ಮೇ ತಿಂಗಳಲ್ಲಿ

ಹೋದ ವರ್ಷ ಮೇ ತಿಂಗಳಲ್ಲಿ ಮನೆಗೆ ಬೀಗರು ಬಂದಿದ್ದರು. ಜೆಲಾಟಿನ್ ಹಾಕಿ ಮಾಡಿದ ಹಾಲಿನ ಪುಡ್ಡಿಂಗ್ ಫ್ರಿಜ್‌ನಿಂದ ತೆಗೆದಾಗ ಚೆಂದಾಗೇ ಇತ್ತು. ಊಟ ಮುಗಿಯುವಷ್ಟರಲ್ಲಿ ಕರಗಿ ತಟ್ಟೆ ತುಂಬಾ ಹರಿಯಿತು. ಮುಂದಿನ ಸಲ ಪ್ರಮಾಣ ಜಾಸ್ತಿ ಮಾಡಿದೆ. ಆಗ ರಬ್ಬರ್ ಆಯಿತು. ಅದಕ್ಕೇ ಈ ಸಲ ಕೂತು ತೂಕ ಮಾಡಿಯೇ ನೋಡೋಣ ಅಂದುಕೊಂಡೆ.

ನಾಲ್ಕು ಬಟ್ಟಲು, ಒಂದೊಂದರಲ್ಲೂ ಹಾಲು, ನೀರು ಸೇರಿ 250 ಮಿಲಿ, ಒಂದೇ ಅಳತೆ ಸಕ್ಕರೆ. ಎರಡಕ್ಕೆ ಚೀನಾ ಗ್ರಾಸ್ ಪುಡಿ, ಅಂದರೆ ಅಗರ್: ಒಂದಕ್ಕೆ 1 ಗ್ರಾಂ, ಇನ್ನೊಂದಕ್ಕೆ 2 ಗ್ರಾಂ. ಉಳಿದೆರಡಕ್ಕೆ ಜೆಲಾಟಿನ್: 2.5 ಮತ್ತು 5 ಗ್ರಾಂ. ಲೀಟರ್ ಲೆಕ್ಕದಲ್ಲಿ ಅಗರ್ 4 ಮತ್ತು 8, ಜೆಲಾಟಿನ್ 10 ಮತ್ತು 20. ಇಷ್ಟು ಸಣ್ಣ ತೂಕಕ್ಕೆ ಅಡುಗೆಮನೆಯ ದೊಡ್ಡ ತಕ್ಕಡಿ ನಂಬಬೇಡಿ. ಅರ್ಧ ಗ್ರಾಂ ತಪ್ಪಿದರೂ ಮೆತ್ತಗಿರಬೇಕಾದದ್ದು ಗಟ್ಟಿ ಆಗುತ್ತೆ. ಬಂಗಾರ ತೂಗುವಂಥ ಪುಟ್ಟ ತಕ್ಕಡಿ ಬೇಕು.

ಜೆಲಾಟಿನ್‌ನ ಕೆಲಸ ಸುಲಭ. ತಣ್ಣೀರಲ್ಲಿ ಹತ್ತು ನಿಮಿಷ ನೆನೆಸಿ, ಅದು ಊದಿಕೊಂಡ ಮೇಲೆ ಬಿಸಿ ಹಾಲಿಗೆ ಹಾಕಿ ಕದಡಿದರೆ ಆಯಿತು, ಕುದಿಸಬಾರದು. ಅಗರ್ ಹಾಗಲ್ಲ. ಅದನ್ನು ಸ್ವಲ್ಪ ನೀರಲ್ಲಿ ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಲೇಬೇಕು. ಇಲ್ಲದಿದ್ದರೆ ಕಾಳು ಕಾಳಾಗಿ ಉಳಿದು, ಎಷ್ಟು ಹಾಕಿದರೂ ಸರಿಯಾಗಿ ಗಟ್ಟಿಯಾಗಲ್ಲ. ಆ ನೀರೂ ಲೀಟರ್ ಲೆಕ್ಕದೊಳಗೇ ಬರಬೇಕು.

ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ನೋಡಿದೆ. 10 ಗ್ರಾಂ ಜೆಲಾಟಿನ್‌ನದು ಚಮಚದಲ್ಲಿ ನಡುಗುತ್ತಿತ್ತು, ಬಾಯಲ್ಲಿಟ್ಟರೆ ಕೆನೆ ಹಾಗೆ ಕರಗಿತು. ರುಚಿಗೆ ನಾಲ್ಕರಲ್ಲಿ ಇದೇ ಮೇಲು, ಸುಳ್ಳು ಹೇಳಲ್ಲ. 20 ಗ್ರಾಂನದು ಬಟ್ಟಲು ಬೋರಲು ಹಾಕಿದರೂ ಆಕಾರ ಬಿಡಲಿಲ್ಲ. 4 ಗ್ರಾಂ ಅಗರ್ ಮೆತ್ತಗಿನ ಗಿಣ್ಣದ ಹಾಗಿತ್ತು, ಬೋರಲು ಹಾಕಿದರೆ ಕುಸಿಯಿತು. 8 ಗ್ರಾಂನದು ಚಾಕುವಿಗೆ ನೀಟಾಗಿ ಕತ್ತರಿಸಿ ಬಂತು. ಆದರೆ ಅಗರ್ ನಡುಗಲ್ಲ, ಮುರಿಯುತ್ತೆ. ಬಾಯಲ್ಲೂ ಕರಗಲ್ಲ, ಅಗಿಯಬೇಕು.

ಆಮೇಲೆ ನಾಲ್ಕನ್ನೂ ಪಡಸಾಲೆಯ ಮೇಜಿನ ಮೇಲಿಟ್ಟೆ. ಹೊರಗೆ 42 ಡಿಗ್ರಿ, ಒಳಗೆ 36. 10 ಗ್ರಾಂ ಜೆಲಾಟಿನ್ ಸ್ವಲ್ಪ ಹೊತ್ತಲ್ಲೇ ಹಾಲಾಯಿತು. 20 ಗ್ರಾಂನದು ಇನ್ನಷ್ಟು ಹೊತ್ತು ತಡೆಯಿತು, ಕೊನೆಗೆ ಅದೂ ಕರಗಿತು. ನನ್ನ ತಪ್ಪು ತಿಳಿದದ್ದು ಆಗಲೇ. ಜೆಲಾಟಿನ್ ಕರಗುವುದು 30–35 ಡಿಗ್ರಿ ಹತ್ತಿರ. ಗ್ರಾಂ ಹೆಚ್ಚಿಸಿದರೆ ಬಿಗಿ ಹೆಚ್ಚುತ್ತೆ, ಬಿಸಿಲು ತಡೆಯುವ ಶಕ್ತಿ ಅಷ್ಟಾಗಿ ಹೆಚ್ಚಲ್ಲ. ಅಗರ್ ಒಮ್ಮೆ ಗಟ್ಟಿಯಾದರೆ 85 ಡಿಗ್ರಿವರೆಗೂ ಕರಗಲ್ಲ. ಕರೆಂಟ್ ಹೋದರೂ ಚಿಂತೆಯಿಲ್ಲ. ಸಂಜೆಗೆ 4 ಗ್ರಾಂನ ಬಟ್ಟಲಲ್ಲಿ ಅಂಚಿಗೆ ಸ್ವಲ್ಪ ನೀರು ಬಿಟ್ಟಿತ್ತು, ಅಷ್ಟೇ.

ಆದರೆ ನಮ್ಮ ಬೇಸಿಗೆಯಲ್ಲಿ ಅಗರ್‌ಗೂ ಒಂದು ತೊಡಕಿದೆ. ಹೊರಗಿಟ್ಟರೂ ಗಟ್ಟಿಯಾಗುತ್ತೆ ಅಂತಾರೆ. ನಿಜ, ಆದರೆ ಅದು ಗಟ್ಟಿಯಾಗುವುದೇ 32ರಿಂದ 40 ಡಿಗ್ರಿ ನಡುವೆ. ಮಧ್ಯಾಹ್ನ ನಮ್ಮ ಅಡುಗೆಮನೆಯೇ 38 ಇರುತ್ತೆ! ಒಲೆಯ ಪಕ್ಕ ಇಟ್ಟ ಪಾತ್ರೆ ಗಂಟೆಯಾದರೂ ಅಲ್ಲಾಡುತ್ತಿತ್ತು, ಪುಡಿ ಸಾಲದು ಅಂತ ಇನ್ನಷ್ಟು ಹಾಕುವವಳಿದ್ದೆ. ಪಾತ್ರೆಯನ್ನು ಮಡಕೆ ನೀರು ತುಂಬಿದ ಪರಾತದಲ್ಲಿಟ್ಟೆ, ಹದಿನೈದು ನಿಮಿಷಕ್ಕೆ ನಿಂತಿತು.

ಪಕ್ಕದ ಮನೆಯ ಆಪಾ ಪ್ರತಿ ವರ್ಷ ರಂಜಾನ್‌ಗೆ ಚೀನಾ ಗ್ರಾಸ್ ಮಾಡುತ್ತಾರೆ. ತೂಕಗೀಕ ಏನಿಲ್ಲ. ಫ್ರಿಜ್‌ನಲ್ಲಿಟ್ಟ ತಣ್ಣನೆ ಸ್ಟೀಲ್ ತಟ್ಟೆ ಮೇಲೆ ಒಂದು ಚಮಚ ಬಿಸಿ ಮಿಶ್ರಣ ಬಿಟ್ಟು, ಎರಡು ನಿಮಿಷ ಬಿಟ್ಟು ಬೆರಳಿಂದ ತಳ್ಳುತ್ತಾರೆ. ಹರಿದರೆ ಇನ್ನಷ್ಟು ಅಗರ್ ಕುದಿಸಿ ಹಾಕುತ್ತಾರೆ, ತುಂಬಾ ಬಿಗಿಯಾದರೆ ಹಾಲು. ಅಂಗಡಿಯಲ್ಲಿ ಎಳೆ ಎಳೆಯಾಗಿ ಸಿಗುವ ಚೀನಾ ಗ್ರಾಸ್‌ಗೆ ಈ ಪರೀಕ್ಷೆ ಬೇಕೇ ಬೇಕು. ನನ್ನ ಗ್ರಾಂ ಲೆಕ್ಕ ಪುಡಿಯದು. ಎಳೆಯಲ್ಲಿ ಅದೇ ತೂಕಕ್ಕೆ ಅದೇ ಬಿಗಿ ಬರುತ್ತೆ ಅಂತ ಹೇಳಲಾಗಲ್ಲ.

ಅತ್ತೆಯವರಿಗೆ ಹೋಲಿಕೆಯೇ ಬೇಕಿರಲಿಲ್ಲ. ಜೆಲಾಟಿನ್ ಪ್ರಾಣಿಯ ಚರ್ಮ, ಮೂಳೆಯಿಂದ ಬರುತ್ತೆ ಅಂದಾಗಲೇ ಆ ಎರಡು ಬಟ್ಟಲು ದೂರ ಸರಿಸಿದ್ದರು. 8 ಗ್ರಾಂನ ತುಂಡು ಬಾಯಿಗಿಟ್ಟು, "ಇದೇನವಾ, ಕೊಬ್ಬರಿ ಅಗದಂಗ ಆಗ್ಯಾದ" ಅಂದರು.

ಈಗ ನಾನು ಬಟ್ಟಲಲ್ಲೇ ತಿನ್ನುವುದಕ್ಕೆ ಲೀಟರಿಗೆ 5 ಗ್ರಾಂ ಅಗರ್ ಹಾಕುತ್ತೇನೆ, ಕತ್ತರಿಸಿ ಹಂಚುವುದಕ್ಕೆ 7. ಮಾವಿನ ರಸ ಸೇರಿಸುವುದಿದ್ದರೆ ಅದನ್ನೂ ಲೀಟರಿನಲ್ಲೇ ಎಣಿಸುತ್ತೇನೆ, ಫ್ರಿಜ್‌ನಿಂದ ತೆಗೆದು ತಣ್ಣಗಿರುವಾಗ ಮಾತ್ರ ಹಾಕಲ್ಲ. ಒಮ್ಮೆ ಹಾಕಿದ್ದೆ. ಅಗರ್ ಅಲ್ಲಲ್ಲೇ ಹೆಪ್ಪುಗಟ್ಟಿ, ಪಾತ್ರೆಯೆಲ್ಲ ಒಡೆದ ಹಾಲಿನ ಹಾಗೆ ಕಾಣುತ್ತಿತ್ತು. ಮತ್ತೆ ಒಲೆಗಿಟ್ಟು ಕುದಿಸಿದ ಮೇಲೆ ಒಂದಾಯಿತು.