ಒಂದೂವರೆ ವರ್ಷ ಬಳಸಿದ ಮೇಲೆ: ಮಗಳ ಇಸುಬಿಗೆ ಪರಿಮಳವಿಲ್ಲದ ಗಟ್ಟಿ ಕ್ರೀಮ್

ನನ್ನ ಮಗಳಿಗೆ ಈಗ ಆರು ವರ್ಷ. ಮೊಣಕೈ ಮಡಿಕೆ, ಮೊಣಕಾಲ ಹಿಂಭಾಗ, ಕುತ್ತಿಗೆ ಸುತ್ತ ಇಸುಬು. ದಾವಣಗೆರೆಯಲ್ಲಿ ಡಿಸೆಂಬರ್ ಗಾಳಿ ಶುರುವಾಯಿತೆಂದರೆ ರಾತ್ರಿಯೆಲ್ಲ ಪರಪರ ಕೆರೆತ, ಬೆಳಿಗ್ಗೆ ದಿಂಬಿನ ಕವರಿನ ಮೇಲೆ ರಕ್ತದ ಚುಕ್ಕೆ. ಒಂದೂವರೆ ವರ್ಷದಿಂದ ಅವಳಿಗೆ ಹಚ್ಚುತ್ತಿರುವುದು ವೈಟ್ ಸಾಫ್ಟ್ ಪ್ಯಾರಾಫಿನ್ ಮತ್ತು ಲೈಟ್ ಲಿಕ್ವಿಡ್ ಪ್ಯಾರಾಫಿನ್ ಇರುವ, ಪರಿಮಳ ಬೆರೆಸದ ಬಿಳಿ ಕ್ರೀಮ್. ಮೆಡಿಕಲ್ ಶಾಪಿನಲ್ಲಿ ಈ ಎರಡು ಹೆಸರು ಹೇಳಿದರೆ ಬೇರೆ ಬೇರೆ ಕಂಪನಿಯದು ಸಿಗುತ್ತದೆ. ನಾನು ಮೂರು ಕಂಪನಿಯದು ಬಳಸಿದ್ದೇನೆ, ಕೆಲಸದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇದು ಬ್ರಾಂಡಿನ ವಿಮರ್ಶೆ ಅಲ್ಲ.

ನಿಜ ಹೇಳಬೇಕೆಂದರೆ ಮೊದಲ ಐದು ತಿಂಗಳು ಇದೇ ಕ್ರೀಮ್ "ಏನೂ ಪ್ರಯೋಜನ ಇಲ್ಲ" ಎಂದೇ ನನ್ನ ತೀರ್ಮಾನವಾಗಿತ್ತು. 100 ಗ್ರಾಂ ಟ್ಯೂಬು ಎರಡು ತಿಂಗಳು ಬರುತ್ತಿತ್ತು. ಅದನ್ನು ಕೇಳಿದ ಚರ್ಮದ ಡಾಕ್ಟರು, "ಎರಡು ತಿಂಗಳು ಅಂದ್ರೆ ದಿನಕ್ಕೆ ಎರಡು ಗ್ರಾಂ ಕೂಡ ಆಗಲಿಲ್ಲವಲ್ಲಮ್ಮ" ಎಂದರು. ಮೈಯೆಲ್ಲ ಒಣಗುವ ಮಗುವಿಗೆ ವಾರಕ್ಕೆ 250 ಗ್ರಾಂವರೆಗೂ ಬೇಕಾಗಬಹುದಂತೆ. ನಾನು ಕೆಂಪಾದ ಜಾಗಕ್ಕೆ ಮಾತ್ರ, ಅದೂ ಮುಲಾಮಿನ ಹಾಗೆ ಚೂರೇ ಚೂರು ಸವರುತ್ತಿದ್ದೆ. ಇಸುಬು ಇರುವವರ ಚರ್ಮ ಕೆಂಪಾಗದ ಕಡೆಯೂ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಕೈ, ಕಾಲು, ಕುತ್ತಿಗೆ, ಹೊಟ್ಟೆ, ಬೆನ್ನು ಎಲ್ಲಕ್ಕೂ ಹಚ್ಚಬೇಕು. ಈಗ ನಮಗೆ 500 ಗ್ರಾಂ ಡಬ್ಬಿ ಮೂರು ವಾರ ಬರುತ್ತದೆ. ತೆರೆದ ದಿನವೇ ಮುಚ್ಚಳದ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯುತ್ತೇನೆ. ಐದು ವಾರ ಕಳೆದರೂ ಡಬ್ಬಿ ಮುಗಿದಿಲ್ಲವೆಂದರೆ ಸಂಜೆ ಹಚ್ಚುವುದು ಎಲ್ಲೋ ತಪ್ಪಿದೆ ಎಂದು ತಿಳಿಯುತ್ತದೆ.

ಎರಡನೆಯ ತಪ್ಪು ಸ್ನಾನದ್ದು. ನಮ್ಮ ಮನೆಯಲ್ಲಿ ಹಂಡೆ ನೀರೆಂದರೆ ಹಬೆಯಾಡಬೇಕು. ಸೋಪು ಬೇಡವೆಂದು ಕಡಲೆಹಿಟ್ಟು ಹಾಕಿ ತಿಕ್ಕುತ್ತಿದ್ದೆವು, ಆಮೇಲೆ ಟವೆಲಿನಿಂದ ಚೆನ್ನಾಗಿ ಒರೆಸಿ, ಯೂನಿಫಾರ್ಮ್ ಹಾಕಿ, ತಿಂಡಿ ತಿನ್ನಿಸಿ, ನೆನಪಾದಾಗ ಕ್ರೀಮ್. ಬಿಸಿನೀರು ಚರ್ಮದ ಜಿಡ್ಡನ್ನು ತೊಳೆದುಬಿಡುತ್ತದೆ, ತಿಕ್ಕಾಟ ತುರಿಕೆ ಎಬ್ಬಿಸುತ್ತದೆ. ಚರ್ಮ ಕುಡಿದ ನೀರು ಕ್ರೀಮ್ ಬರುವ ಹೊತ್ತಿಗೆ ಗಾಳಿಗೆ ಆರಿಹೋಗಿರುತ್ತದೆ. ಸ್ನಾನಕ್ಕೆ ಮುಂಚೆ ಇದ್ದುದಕ್ಕಿಂತ ಹೆಚ್ಚು ಬಿಗಿಯಾಗಿ, ಬಿಳಿಬಿಳಿಯಾಗಿ ಕಾಣುತ್ತಿತ್ತು ಅವಳ ಮೊಣಕಾಲು.

ಈಗ ಮಾಡುವ ಕ್ರಮಕ್ಕೆ ಡಾಕ್ಟರು 'ಸೋಕ್ ಅಂಡ್ ಸೀಲ್' ಅಂದರು. ನೆನೆಸಿ, ಆ ತೇವ ಹೊರಗೆ ಹೋಗದಂತೆ ಮುಚ್ಚುವುದು, ಅಷ್ಟೆ. ನಮ್ಮಲ್ಲಿ ಬಾತ್‌ಟಬ್ ಇಲ್ಲ. ಬಟ್ಟೆ ನೆನೆಸುವ ಅಗಲವಾದ ಪ್ಲಾಸ್ಟಿಕ್ ಟಬ್ಬನ್ನು ಅವಳಿಗೆಂದೇ ಬೇರೆ ತಂದಿಟ್ಟಿದ್ದೇವೆ. ನನ್ನ ಮೊಣಕೈ ಅದ್ದಿದರೆ ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು, ಅಷ್ಟು ಉಗುರುಬೆಚ್ಚಗಿನ ನೀರು. ಅದರಲ್ಲಿ 10 ನಿಮಿಷ ಕೂರುತ್ತಾಳೆ. ನೀರಿಗೆ ಮುಳುಗದ ಕುತ್ತಿಗೆಗೆ ಒದ್ದೆ ಮಾಡಿದ ಮೆತ್ತನೆ ಪಂಚೆಯ ತುಂಡು ಹೊದಿಸುತ್ತೇನೆ. ಪರಿಮಳವಿಲ್ಲದ, ಸೋಪಲ್ಲದ ಕ್ಲೆನ್ಸರನ್ನು ಕೊನೆಯಲ್ಲಿ ಕಂಕುಳು, ಪಾದ, ಕೊಳೆಯಾದ ಕಡೆಗಷ್ಟೇ ಹಾಕಿ ತೊಳೆಯುತ್ತೇನೆ. ನೀರಿನ ಅಭಾವ ಇದ್ದ ದಿನ ಒಂದೇ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿ, ಒದ್ದೆ ಬಟ್ಟೆಯನ್ನು ಮೊಣಕೈ ಮೊಣಕಾಲುಗಳಿಗೆ ಸುತ್ತಿ ಅಷ್ಟೇ ಹೊತ್ತು ಕೂರಿಸುತ್ತೇನೆ.

ಹೊರಗೆ ಬಂದ ಮೇಲೆ ಹತ್ತಿ ಟವೆಲನ್ನು ಮೈಗೆ ಒತ್ತಿ ಒತ್ತಿ ತೆಗೆಯುತ್ತೇನೆ, ಉಜ್ಜುವುದಿಲ್ಲ. ತೊಟ್ಟಿಕ್ಕುವುದು ನಿಂತರೆ ಸಾಕು, ಚರ್ಮ ಒದ್ದೆಯಾಗಿಯೇ ಇರಬೇಕು. ಉರಿ ಎದ್ದ ದಿನಗಳಲ್ಲಿ ಡಾಕ್ಟರು ಬರೆದ ಮುಲಾಮು ಮೊದಲು, ಕೆಂಪು ಜಾಗಕ್ಕಷ್ಟೇ. ಆಮೇಲೆ ಉಳಿದ ಕಡೆಯೆಲ್ಲ ಕ್ರೀಮ್. ಇದೆಲ್ಲ ಮೂರು ನಿಮಿಷದೊಳಗೆ ಮುಗಿಯಬೇಕು. ಆದ್ದರಿಂದ ಡಬ್ಬಿ ಮುಚ್ಚಳ ತೆಗೆದು ಬಚ್ಚಲ ಬಾಗಿಲಲ್ಲೇ ಇಟ್ಟಿರುತ್ತೇನೆ. "ಏನವ್ವಾ, ಮೈ ಇನ್ನೂ ಒದ್ದೆ ಐತಿ, ಆಗ್ಲೇ ಹಚ್ತೀಯಲ್ಲ, ಶೀತ ಆಗೋದಿಲ್ವಾ?" ಎಂದು ಅತ್ತೆ ಮೊದಲ ವಾರ ಚಡಪಡಿಸಿದರು. ಈಗ ನಾನು ಬ್ಯಾಂಕಿಗೆ ಬೇಗ ಹೊರಟ ದಿನ ಅವರೇ ಹಚ್ಚುತ್ತಾರೆ. ಹಚ್ಚುವುದು ರೋಮ ಮಲಗಿದ ದಿಕ್ಕಿಗೆ, ಮೇಲಿಂದ ಕೆಳಗೆ. ಮೊದಲು ಸುತ್ತಿ ಸುತ್ತಿ ತಿಕ್ಕುತ್ತಿದ್ದಾಗ ತೊಡೆಯ ಮೇಲೆ ರೋಮದ ಬುಡದಲ್ಲಿ ಸಣ್ಣ ಕೀವುಗುಳ್ಳೆ ಎದ್ದಿದ್ದವು. ಡಬ್ಬಿಗೆ ಕೈ ಹಾಕುವುದಿಲ್ಲ, ಒಣ ಚಮಚದಿಂದ ತೆಗೆಯುತ್ತೇವೆ. ಒದ್ದೆ ಬೆರಳು ಹೋದರೆ ಒಳಗೆ ಕ್ರಿಮಿ ಬೆಳೆಯುತ್ತದೆ.

ಈ ಕ್ರೀಮಿಗೆ ಬರುವ ಮುಂಚೆ ಪಂಪ್ ಬಾಟಲಿಯ ಬೇಬಿ ಲೋಷನ್ ಬಳಸಿದ್ದೆ. ಲೋಷನ್ನಿನಲ್ಲಿ ನೀರಿನ ಪಾಲು ಹೆಚ್ಚು, ಹಚ್ಚಿದಾಗ ಹಾಯೆನಿಸಿ ಗಂಟೆಯೊಳಗೆ ಆರಿಹೋಗುತ್ತದೆ. ಬಾಟಲಿ ಬಗ್ಗಿಸಿದರೆ ಹರಿಯುವಂಥದ್ದು ಅವಳ ಚರ್ಮಕ್ಕೆ ಸಾಲದು. ಡಬ್ಬಿ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಇರಬೇಕು. ಪರಿಮಳದ ವಿಷಯದಲ್ಲಿ ಮೋಸ ಹೋಗಿದ್ದು ಇನ್ನೊಂದು ಡಬ್ಬಿಯಿಂದ. ಮುಂದೆ 'ಅನ್‌ಸೆಂಟೆಡ್' ಎಂದಿತ್ತು, ಮೂಸಿದರೆ ವಾಸನೆಯೂ ಇಲ್ಲ. ಹಿಂದಿನ ಸಣ್ಣಕ್ಷರದ ಪಟ್ಟಿಯಲ್ಲಿ 'ಪರ್ಫ್ಯೂಮ್' ಇತ್ತು. ಕಚ್ಚಾವಸ್ತುವಿನ ವಾಸನೆ ಮುಚ್ಚಲೆಂದೇ ಸುಗಂಧ ಹಾಕುವುದುಂಟು. ಬೇಕಾದದ್ದು 'ಫ್ರಾಗ್ರೆನ್ಸ್ ಫ್ರೀ'. ಅಷ್ಟಾದರೂ ಪಟ್ಟಿ ಓದಲೇಬೇಕು: ಫ್ರಾಗ್ರೆನ್ಸ್, ಪರ್ಫ್ಯೂಮ್, ಲಿನಲೂಲ್, ಲಿಮೋನಿನ್, ಲ್ಯಾವೆಂಡರ್ ಎಣ್ಣೆ ಕಂಡರೆ ನಾನು ವಾಪಸ್ ಇಡುತ್ತೇನೆ. ಗಿಡಮೂಲಿಕೆಯದು ಎಂದ ಮಾತ್ರಕ್ಕೆ ಇಸುಬಿನ ಚರ್ಮಕ್ಕೆ ಸೌಮ್ಯ ಆಗುವುದಿಲ್ಲ. ಯೂರಿಯಾ ಇರುವ ಕ್ರೀಮ್ ನನ್ನ ಒಡೆದ ಹಿಮ್ಮಡಿಗೆ ಒಳ್ಳೆಯದಾಯಿತು, ಅವಳ ಬಿರುಕು ಬಿಟ್ಟ ಮೊಣಕೈಗೆ ಹಚ್ಚಿದಾಗ ಉರಿಯೆಂದು ಚೀರಿದಳು.

ಕಷ್ಟಗಳೂ ಇವೆ. ಏಪ್ರಿಲ್, ಮೇ ಬಿಸಿಲಲ್ಲಿ ಇದು ಅಂಟಂಟು, ಬೆವರಿಗೆ ತುರಿಕೆ ಹೆಚ್ಚಾಗುತ್ತದೆ. ಆಗ ಬೆಳಿಗ್ಗೆ ತೆಳ್ಳಗೆ, ರಾತ್ರಿ ಸ್ನಾನದ ನಂತರ ದಪ್ಪಗೆ ಹಚ್ಚುತ್ತೇನೆ. ಬಚ್ಚಲ ನೆಲ ಜಾರುತ್ತದೆ, ಬ್ರಷ್ ಹಾಕಿ ತಿಕ್ಕಬೇಕು. ಎಲ್ಲಕ್ಕಿಂತ ಮುಖ್ಯ, ಕ್ರೀಮ್ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ಹಚ್ಚಿಕೊಂಡವಳನ್ನು ದೇವರ ದೀಪದ ಹತ್ತಿರ, ಒಲೆ ಹತ್ತಿರ ಬಿಡುವುದಿಲ್ಲ. ದೀಪಾವಳಿಯಲ್ಲಿ ಪಟಾಕಿ ಹಚ್ಚಲು ಒಗೆದು ಬೇರೆ ಇಟ್ಟ, ಕ್ರೀಮ್ ತಾಗದ ಬಟ್ಟೆ.

ಫಲ ಕಂಡಿದ್ದು ಈ ಕ್ರಮ ಶುರುಮಾಡಿದ ಮೂರನೆಯ ವಾರ. ಮೊಣಕಾಲ ಹಿಂದಿನ ಒರಟು ಮೆತ್ತಗಾಯಿತು, ರಾತ್ರಿ ಎರಡು ಸಲ ಏಳುತ್ತಿದ್ದವಳು ಏಳದೆ ಮಲಗಿದಳು. ಕಳೆದ ಚಳಿಗಾಲದಲ್ಲಿ ಡಾಕ್ಟರ ಮುಲಾಮು ಬೇಕಾಗಿದ್ದು ಎರಡೇ ಸಲ. ಅದರ ಹಿಂದಿನ ವರ್ಷ ತಿಂಗಳಿಗೊಮ್ಮೆ ಬೇಕಿತ್ತು. ಇಸುಬು ಹೋಗಿಲ್ಲ, ಕ್ರೀಮ್ ಬಿಟ್ಟರೆ ಐದಾರು ದಿನಕ್ಕೆ ಮರಳುತ್ತದೆ. ಕೆಂಪೆದ್ದು ಊದಿಕೊಂಡದ್ದನ್ನು ಇದೊಂದೇ ಇಳಿಸುವುದೂ ಇಲ್ಲ. ಹಾಗೆಂದು ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಡುವ, ಸ್ಟಿರಾಯ್ಡ್ ಬೆರೆತ ತುರಿಕೆ ಮುಲಾಮನ್ನು ಇದರ ಬದಲಿಗೆ ದಿನಾ ಹಚ್ಚಬೇಡಿ, ಚರ್ಮ ತೆಳುವಾಗುತ್ತದೆ. ಜೇನಿನ ಬಣ್ಣದ ಹಕ್ಕಳೆ ಕಟ್ಟಿ ರಸ ಸೋರಿದರೆ, ಅಥವಾ ಜ್ವರದ ಜೊತೆ ಒಂದೇ ಅಳತೆಯ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಎದ್ದು ನೋಯತೊಡಗಿದರೆ ಸೋಂಕು ತಗುಲಿರಬಹುದು. ಅದಕ್ಕೆ ಔಷಧಿ ಬೇಕು, ಅವತ್ತೇ ಡಾಕ್ಟರಿಗೆ ತೋರಿಸಬೇಕು.