ಹೊಸದಾಗಿ ಸುತ್ತಿಸಿದ ಹೆದೆಯನ್ನು ನಂಬಿ ಕೆಟ್ಟೆ

ಕಳೆದ ನವೆಂಬರಿನಲ್ಲಿ ಕಾರವಾರದ ಒಬ್ಬರಿಂದ ತುದಿಗಳು ಮುಂದಕ್ಕೆ ಬಾಗಿದ ಹಳೆಯ ರಿಕರ್ವ್ ಬಿಲ್ಲೊಂದನ್ನು ಕೊಂಡು, ದೇವಿಮನೆ ಘಟ್ಟ ಹತ್ತಿ ಶಿರಸಿಗೆ ತಂದೆ. 66 ಇಂಚಿನ ಬಿಲ್ಲು. ಕೈಹಿಡಿ, ಅದರ ಮೇಲೆ ಕೆಳಗೆ ಬಾಗುವ ತೋಳುಗಳಾದ ಲಿಂಬುಗಳು ಎಲ್ಲವನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಹೆದೆಯನ್ನು ಮಾತ್ರ ನೋಡಲಿಲ್ಲ, ಏಕೆಂದರೆ ಅದೊಂದೇ ಹೊಸದಾಗಿ ಕಾಣುತ್ತಿತ್ತು. ನಡುವಿನಲ್ಲಿ, ಬಾಣದ ಹಿಂತುದಿಯ ಕಚ್ಚಾದ ನಾಕ್ ಕೂರುವ ಜಾಗದಲ್ಲಿ, ಎಳೆಗಳು ಸವೆಯದಂತೆ ಸುತ್ತುವ ಕಪ್ಪು ದಾರದ ಸರ್ವಿಂಗ್ ಬಿಗಿಯಾಗಿ, ಒಂದು ಸುತ್ತೂ ತಪ್ಪದೆ ಕೂತಿತ್ತು. "ಸರ್ವಿಂಗ್ ಹೊಸದಾಗಿ ಸುತ್ತಿಸಿಯೇ ಕೊಡುತ್ತಿದ್ದೇನೆ" ಎಂದು ಮಾರಿದವರು ಹೇಳಿದಾಗ ಉಪಕಾರವೆಂದೇ ತಿಳಿದೆ.

ಗದ್ದೆ ಕೊಯ್ಲು ಮುಗಿದ ಮೇಲೆ ಮನೆಯ ಹಿಂದೆ ಅಭ್ಯಾಸ ಶುರುವಾಯಿತು. ಕಪ್ಪು ಸುತ್ತು ಮುಗಿಯುವ ಕಡೆ, ಅದರ ಕೆಳಗೆ ಒಂದು ಬೆರಳಗಲದಷ್ಟು ಉದ್ದಕ್ಕೆ ಎಳೆಗಳು ಕಂಬಳಿಯಂತೆ ಜುಂಗು ಎದ್ದಿದ್ದವು. ಹೆದೆ ಒಣಗಿದೆ ಎಂದುಕೊಂಡೆ. ನಮ್ಮೂರಿನಲ್ಲಿ ಜೇನುಮೇಣಕ್ಕೇನು ಬರ? ಧಾರಾಳವಾಗಿ ಹಚ್ಚಿ, ಬೆರಳಿನ ಬಿಸಿಗೆ ಕರಗುವವರೆಗೆ ತಿಕ್ಕಿದೆ. ಜುಂಗೆಲ್ಲ ಅಂಟಿಕೊಂಡು ಹೆದೆ ಮಿರಿಮಿರಿ ಮಿಂಚಿತು. ಮೇಣದ ಕೆಲಸ ಎಳೆಗಳನ್ನು ಒಟ್ಟಿಗೆ ಹಿಡಿದು, ಒಂದಕ್ಕೊಂದು ಉಜ್ಜಿ ಸವೆಯದಂತೆ ನೋಡಿಕೊಳ್ಳುವುದು. ಕಡಿದ ನಾರನ್ನು ಅದು ಕೂಡಿಸುವುದಿಲ್ಲ, ಮಲಗಿಸುತ್ತದೆ ಅಷ್ಟೆ. ನೋಡಬೇಕಾದದ್ದನ್ನು ನಾನೇ ನನ್ನ ಕೈಯಾರೆ ಮುಚ್ಚಿಬಿಟ್ಟೆ.

ಎರಡನೆಯ ಸೂಚನೆಯೂ ಬಂದಿತ್ತು. ಹೆದೆ ಏರಿಸಿದ ಮೇಲೆ ಕೈಹಿಡಿಯಿಂದ ಹೆದೆಗೆ ಇರುವ ಅಂತರಕ್ಕೆ ಬ್ರೇಸ್ ಹೈಟ್ ಎನ್ನುತ್ತಾರೆ. ಸಂಜೆ ಶುರುವಿನಲ್ಲಿ 21.5 ಸೆಂಟಿಮೀಟರ್ ಇದ್ದದ್ದು ಅರವತ್ತು ಬಾಣಗಳಾಗುವಷ್ಟರಲ್ಲಿ 20.5ಕ್ಕೆ ಇಳಿದಿತ್ತು. ಹೆದೆ ಉದ್ದವಾದರೆ ಈ ಅಂತರ ಇಳಿಯುತ್ತದೆ. ಹೊಸ ಹೆದೆಯಾದರೆ ಮೊದಲ ಒಂದೆರಡು ದಿನ ಹೀಗೆ ಉದ್ದವಾಗಿ, ಆಮೇಲೆ ನಿಲ್ಲುತ್ತದೆ. ಅಗ್ಗದ ಡಾಕ್ರಾನ್ ನೂಲಿನ ಹೆದೆ ಹೆಚ್ಚು ಹಿಗ್ಗುತ್ತದೆ, ಡೈನೀಮಾ ಜಾತಿಯ ನೂಲಿನದು ಕಡಿಮೆ. ನನ್ನದು ಡೈನೀಮಾ, ಅದೂ ವರ್ಷಗಳ ಹಿಂದೆಯೇ ಹಿಗ್ಗಿ ಮುಗಿದದ್ದು. ಮತ್ತೆ ಇಳಿಯಲು ಕಾರಣವೇ ಇರಲಿಲ್ಲ. ನಾನು ಏನು ಮಾಡಿದೆ? ಹೆದೆ ಇಳಿಸಿ, ಹತ್ತು ಸುತ್ತು ಹೆಚ್ಚು ತಿರುಚಿ ಗಿಡ್ಡ ಮಾಡಿ, ಅಳತೆಯನ್ನು ಸರಿ ಮಾಡಿದೆ. ಮರುದಿನ ಮತ್ತೆ ಇಳಿಯಿತು. ಮತ್ತೆ ತಿರುಚಿದೆ.

ಮೂರನೆಯ ಸಂಜೆ ಬಾಣ ಬಿಟ್ಟ ಕ್ಷಣವೇ ಹೆದೆ ತುಂಡಾಯಿತು. ತುದಿ ಎಡ ಮುಂಗೈಗೆ ಬಾರುಕೋಲಿನಂತೆ ಬಡಿದು, ಗೇಣುದ್ದದ ಬರೆ ಎದ್ದಿತು. ಅದು ಹದಿನೈದು ದಿನಕ್ಕೆ ಮಾಯವಾಯಿತು. ಮಾಯವಾಗದ್ದು ಮೇಲಿನ ಲಿಂಬಿನ ಬಿರುಕು: ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಲಿಂಬಿಗೇ ಮರಳಿ, ಹೊರಗಿನ ಫೈಬರ್ ಪದರ ಉದ್ದಕ್ಕೆ ಸೀಳಿತ್ತು.

ರಾತ್ರಿ ದೀಪದ ಕೆಳಗೆ ತುಂಡುಗಳನ್ನು ಬಿಡಿಸಿದೆ. ಕಪ್ಪು ಸುತ್ತನ್ನು ಬಿಚ್ಚಿದಾಗ ಹದಿನಾಲ್ಕು ಎಳೆಗಳ ಕಥೆ ಎರಡಾಗಿ ಕಂಡಿತು. ಹನ್ನೊಂದರ ತುದಿ ಬೆಳ್ಳಗೆ, ಹತ್ತಿಯಂತೆ ಕೆದರಿತ್ತು. ಅವು ಆ ಸಂಜೆ ಹರಿದವು. ಉಳಿದ ಮೂರು ಓರೆಯಾಗಿ, ನೀಟಾಗಿ, ಒಂದೇ ಸಾಲಿನಲ್ಲಿ ಕತ್ತರಿಸಿದ್ದವು. ತುದಿಗೆ ಹಳೆಯ ಮೇಣದ ಕಪ್ಪು ಕೊಳೆ ಹಿಡಿದಿತ್ತು. ಅಲ್ಲಿಗೆ ವಿಷಯ ಗೊತ್ತಾಯಿತು. ಹಳೆಯ ಸರ್ವಿಂಗ್ ತೆಗೆಯಲು ಯಾರೋ ಹೆದೆಯ ಉದ್ದಕ್ಕೆ ಬ್ಲೇಡ್ ಎಳೆದಿದ್ದಾರೆ. ಬ್ಲೇಡ್ ಎಳೆಗೂ ತಾಗಿದೆ. ಆ ಗಾಯದ ಮೇಲೆಯೇ ಹೊಸ ದಾರ ಸುತ್ತಿದ್ದಾರೆ.

ಮೂರು ಎಳೆ ಹೋದದ್ದು ಇಷ್ಟು ದಿನ ಕಾಣದೇ ಇದ್ದದ್ದು ಹೇಗೆ? ಇಂಥ ಹೆದೆಯನ್ನು ಒಂದೇ ನೂಲನ್ನು ಮತ್ತೆ ಮತ್ತೆ ಸುತ್ತಿ ಮಾಡಿರುತ್ತಾರೆ. ಏಳು ಸುತ್ತಿಗೆ ಹದಿನಾಲ್ಕು ಎಳೆ. ಕಡಿದ ತುದಿಯನ್ನು ತಿರುಚು, ಮೇಣ, ಬಿಗಿಯಾದ ಸರ್ವಿಂಗ್ ಈ ಮೂರೂ ಸೇರಿ ಒತ್ತಿ ಹಿಡಿದಿರುತ್ತವೆ. ಪ್ರತಿ ಬಾಣಕ್ಕೂ ಅದು ಕೂದಲೆಳೆಯಷ್ಟು ಜಾರುತ್ತದೆ, ಹೊರೆ ಉಳಿದ ಎಳೆಗಳ ಮೇಲೆ ಬೀಳುತ್ತದೆ. ನನ್ನ ಟೇಪಿನಲ್ಲಿ ಇಳಿಯುತ್ತಿದ್ದ ಒಂದು ಸೆಂಟಿಮೀಟರ್ ಈ ಜಾರುವಿಕೆಯದ್ದೇ.

ಹಳೆಯ ಬಿಲ್ಲು ಕೊಳ್ಳುವವರು ಹೆದೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ, ಬೇರೆ ಹಾಕಿಸಿಕೊಳ್ಳಿ. ಲಿಂಬಿನ ಬೆಲೆಯ ಮುಂದೆ ಅದು ಏನೂ ಅಲ್ಲ. ಬಳಸಲೇಬೇಕಾದರೆ ಮೊದಲು ಒಣ ಬಟ್ಟೆಯಿಂದ ಹಳೆಯ ಮೇಣ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮೇಣದ ಮಾತು. ಸರ್ವಿಂಗ್ ಮೇಲೆ ಹೆಬ್ಬೆರಳು ಜಾರಿಸಿ. ಎಲ್ಲಾದರೂ ತಗ್ಗು ಸಿಕ್ಕರೆ, ಅಥವಾ ಸುತ್ತು ಹೆದೆಯ ಮೇಲೆ ಸರಿದಾಡಿದರೆ ಬಿಚ್ಚಿಸಿ ನೋಡಿ. ತುದಿಗಳ ಕುಣಿಕೆಯನ್ನೂ, ಲಿಂಬಿನ ಕಚ್ಚಿಗೆ ತಾಗುವ ಜಾಗದಲ್ಲಿ, ಬಿಡಿಸಿ ನೋಡಬೇಕು. ಒಂದೇ ಒಂದು ಎಳೆ ಕಡಿದಿದ್ದರೂ ಆ ಹೆದೆಯನ್ನು ಅಲ್ಲೇ ತುಂಡರಿಸಿ ಎಸೆಯಿರಿ, ಇಲ್ಲದಿದ್ದರೆ ಇನ್ನೊಬ್ಬರು ಹೆಕ್ಕಿಕೊಂಡು ಹೋಗುತ್ತಾರೆ. ಹಳೆಯ ಸರ್ವಿಂಗ್ ತೆಗೆಯುವಾಗ ಸೂಜಿಯ ಮೊನೆಯಿಂದ ಒಂದು ಸುತ್ತನ್ನು ಎತ್ತಿ, ಅದನ್ನಷ್ಟೇ ಕತ್ತರಿಸಿ, ಕೈಯಿಂದ ಬಿಚ್ಚುತ್ತಾ ಹೋಗಬೇಕು.

ಮಾರಿದವರಿಗೆ ಫೋನ್ ಮಾಡಿದ್ದೆ. "ಹೊಸದಾಗಿ ಸುತ್ತಿಸಿದ್ದೆನಲ್ಲ" ಎಂದರು. ಸುಳ್ಳೇನೂ ಅಲ್ಲ.